ಐವತ್ತೆಂಟು ಕಿಲೋಮೀಟರ್ ಎತ್ತರದ ಗ್ರಾಫ್

1971ರ ನವೆಂಬರಿನಲ್ಲಿ ಇಂಟೆಲ್ ಕಂಪನಿ 4004 ಎಂಬ ಚಿಪ್ಪನ್ನು ಮಾರುಕಟ್ಟೆಗೆ ಬಿಟ್ಟಿತು. ಜಪಾನಿನ ಬ್ಯುಸಿಕಾಮ್ ಕಂಪನಿಯ ಕ್ಯಾಲ್ಕ್ಯುಲೇಟರಿಗೆಂದು ಹುಟ್ಟಿದ ಚಿಪ್ ಅದು. ಅದರೊಳಗಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. 2023ರ ಜೂನಿನಲ್ಲಿ ಆಪಲ್ ಕಂಪನಿ ಎಂ2 ಅಲ್ಟ್ರಾ ಎಂಬ ಚಿಪ್ಪನ್ನು ಪರಿಚಯಿಸಿತು. ಅದರಲ್ಲಿ 13,400 ಕೋಟಿ ಟ್ರಾನ್ಸಿಸ್ಟರುಗಳು. ಐವತ್ತೆರಡು ವರ್ಷದ ಅಂತರದಲ್ಲಿ ನಿಂತ ಈ ಎರಡು ಸಂಖ್ಯೆಗಳನ್ನು ಒಂದೇ ಗ್ರಾಫಿನಲ್ಲಿ ಗುರುತಿಸಬೇಕು. ಕೇಳಲು ಸುಲಭದ ಕೆಲಸ.

ನಾವೆಲ್ಲ ಶಾಲೆಯಲ್ಲಿ ಬಿಡಿಸಿದ ಸಾಮಾನ್ಯ ಗ್ರಾಫ್ ಹಾಳೆಯಲ್ಲೇ ಮೊದಲು ಪ್ರಯತ್ನಿಸೋಣ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಟ್ರಾನ್ಸಿಸ್ಟರುಗಳ ಸಂಖ್ಯೆ. 4004 ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ 1 ಮಿಲಿಮೀಟರ್ ಎತ್ತರ ಕೊಡೋಣ. ಎಂ2 ಅಲ್ಟ್ರಾದ ಸಂಖ್ಯೆ ಅದಕ್ಕಿಂತ 5.8 ಕೋಟಿ ಪಟ್ಟು ದೊಡ್ಡದು, ಆದ್ದರಿಂದ ಅದರ ಚುಕ್ಕೆ 5.8 ಕೋಟಿ ಮಿಲಿಮೀಟರ್ ಮೇಲೆ ಬೀಳಬೇಕು. ಅಂದರೆ 58 ಕಿಲೋಮೀಟರ್. ಆರೂವರೆ ಎವರೆಸ್ಟ್ ಶಿಖರಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಎತ್ತರ ಅದು. ವಿಮಾನಗಳು ಹಾರುವ ಮಟ್ಟವನ್ನು ದಾಟಿ, ಓಜೋನ್ ಪದರವನ್ನೂ ದಾಟಿ ಹಾಳೆ ಮೇಲೆ ಹೋಗುತ್ತದೆ.

ಅಷ್ಟು ದೊಡ್ಡ ಹಾಳೆ ಸಿಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಬರೋಣ. 30 ಸೆಂಟಿಮೀಟರ್ ಹಾಳೆ ತೆಗೆದುಕೊಂಡು, ಅದರ ನೆತ್ತಿಯ ಮೇಲೆ ಎಂ2 ಅಲ್ಟ್ರಾವನ್ನು ಇಡೋಣ. ಈಗ 2020ರ ಎಂ1 ಚಿಪ್, ಅದರ 1,600 ಕೋಟಿ ಟ್ರಾನ್ಸಿಸ್ಟರುಗಳೊಂದಿಗೆ, ತಳದಿಂದ 3.6 ಸೆಂಟಿಮೀಟರ್ ಮೇಲಿರುತ್ತದೆ. 2000ನೇ ಇಸವಿಯ ಪೆಂಟಿಯಂ 4ರಲ್ಲಿದ್ದದ್ದು 4.2 ಕೋಟಿ, ಅದರ ಎತ್ತರ 0.09 ಮಿಲಿಮೀಟರ್, ಹೆಚ್ಚೂಕಡಿಮೆ ಆ ಹಾಳೆಯ ದಪ್ಪದಷ್ಟೇ. 1993ರ ಪೆಂಟಿಯಂ, 31 ಲಕ್ಷ ಟ್ರಾನ್ಸಿಸ್ಟರುಗಳದ್ದು, ಒಂದು ಕೆಂಪು ರಕ್ತಕಣದ ಗಾತ್ರದಷ್ಟು ಮೇಲೆದ್ದಿರುತ್ತದೆ. 4004ರ ಎತ್ತರ 5 ನ್ಯಾನೋಮೀಟರ್, ಯಾವ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು. ಪರ್ಸನಲ್ ಕಂಪ್ಯೂಟರ್ ಹುಟ್ಟಿದ್ದು, ಆಫೀಸುಗಳಿಗೆ ಬಂದದ್ದು, ಇಂಟರ್‌ನೆಟ್ ಮನೆಗಳನ್ನು ತಲುಪಿದ್ದು, ಆ ಮೊದಲ ಇಪ್ಪತ್ತೊಂಬತ್ತು ವರ್ಷಗಳ ಕಥೆಯೆಲ್ಲ ನೀವು ಅಡ್ಡ ಅಕ್ಷಕ್ಕೆಂದು ಎಳೆದ ಪೆನ್ಸಿಲ್ ಗೆರೆಯೊಳಗೇ ಮುಚ್ಚಿಹೋಯಿತು.

ಚುಕ್ಕೆಗಳು ಕಾಣದಿರುವುದು ಚಿಕ್ಕ ತೊಂದರೆ. ಗ್ರಾಫ್ ಸುಳ್ಳು ಕಥೆ ಹೇಳುತ್ತದೆ ಎಂಬುದು ದೊಡ್ಡ ತೊಂದರೆ. ಈ ಹಾಳೆಯನ್ನು ನೋಡಿದ ಯಾರಿಗಾದರೂ ಅನಿಸುವುದು ಒಂದೇ: ಐವತ್ತು ವರ್ಷ ಏನೂ ನಡೆಯಲಿಲ್ಲ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಸ್ಫೋಟವಾಯಿತು. ನಿಜವಾಗಿ ಹಾಗೆ ಆಯಿತೇ? ಇದನ್ನು ಪರೀಕ್ಷಿಸಲು ಒಳ್ಳೆಯ ಉಪಾಯವಿದೆ. 1989ರಲ್ಲಿ ಕುಳಿತು ಇದೇ ಗ್ರಾಫ್ ಬಿಡಿಸುತ್ತಿದ್ದೀರಿ ಎಂದುಕೊಳ್ಳಿ. ಆ ವರ್ಷ ಬಂದ 80486 ಚಿಪ್ಪಿನಲ್ಲಿ ಸುಮಾರು 12 ಲಕ್ಷ ಟ್ರಾನ್ಸಿಸ್ಟರುಗಳು. ಅದನ್ನು 30 ಸೆಂಟಿಮೀಟರ್ ಎತ್ತರದಲ್ಲಿಡಿ. 1985ರ 80386 (2.75 ಲಕ್ಷ) 7 ಸೆಂಟಿಮೀಟರಿಗೂ, 1982ರ 80286 (1.34 ಲಕ್ಷ) ಮೂರೂಕಾಲು ಸೆಂಟಿಮೀಟರಿಗೂ ಬರುತ್ತವೆ. 1978ರ 8086 (29,000) 7 ಮಿಲಿಮೀಟರಿನಲ್ಲಿ, 4004 ಅರ್ಧ ಮಿಲಿಮೀಟರಿನಲ್ಲಿ. ಅದೇ ಆಕಾರ! ತಳದಲ್ಲಿ ಮಲಗಿದ ಗೆರೆ, ಬಲಗಡೆಯ ಅಂಚಿನಲ್ಲಿ ಥಟ್ಟನೆ ಎದ್ದು ನಿಂತ ಗೋಡೆ. 1989ರವರಿಗೆ ಸ್ಫೋಟ ತಮ್ಮ ಕಾಲದಲ್ಲೇ ಆದಂತೆ ಕಾಣುತ್ತದೆ, 2023ರವರಿಗೆ ತಮ್ಮ ಕಾಲದಲ್ಲಿ. 2023ರ ಹಾಳೆಯಲ್ಲಿ 1989ರ ಗೋಡೆಯ ಸುಳಿವೇ ಇಲ್ಲ. ಪ್ರತಿ ಎರಡು ವರ್ಷಕ್ಕೆ ಇಮ್ಮಡಿಯಾಗುವ ಯಾವುದನ್ನೇ ಆಗಲಿ ಸಾಮಾನ್ಯ ಅಕ್ಷದ ಮೇಲೆ ಯಾವ ವರ್ಷ ಬಿಡಿಸಿದರೂ, ಆ ತಿರುವು ಬಿಡಿಸುವವನ ವರ್ಷದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಅದು ಹಾಳೆಯ ಎತ್ತರ ಸೃಷ್ಟಿಸಿದ ತಿರುವು, ಚಿಪ್ಪುಗಳ ಇತಿಹಾಸದಲ್ಲಿ ಅಂಥ ತಿರುವು ಇಲ್ಲ. ಗ್ರಾಫ್ ತೋರಿಸಿ “ನೋಡಿ, ಇಲ್ಲಿಂದ ಎಲ್ಲ ಬದಲಾಯಿತು” ಎಂದು ಯಾರಾದರೂ ಬೆರಳಿಟ್ಟರೆ ನಾನು ಮೊದಲು ಆ ಉದ್ದದ ಅಕ್ಷವನ್ನು ನೋಡುತ್ತೇನೆ.

ಈಗ ಲಾಗ್ ಅಕ್ಷ. ಸಾಮಾನ್ಯ ಅಕ್ಷದಲ್ಲಿ ಒಂದೊಂದು ಸೆಂಟಿಮೀಟರ್ ಮೇಲೇರಿದಾಗಲೂ ಅಷ್ಟೇ ಮೊತ್ತ ಕೂಡುತ್ತದೆ. ಲಾಗ್ ಅಕ್ಷದಲ್ಲಿ ಅಷ್ಟೇ ಪಟ್ಟು ಗುಣಿಸುತ್ತದೆ. ವ್ಯತ್ಯಾಸ ಇದೊಂದೇ. ಎಂಜಿನಿಯರಿಂಗ್ ಓದಿದವರಿಗೆ ಸೆಮಿಲಾಗ್ ಶೀಟ್ ನೆನಪಿರುತ್ತದೆ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಆಂಪ್ಲಿಫೈಯರಿನ ಫ್ರೀಕ್ವೆನ್ಸಿ ರೆಸ್ಪಾನ್ಸ್ ಬಿಡಿಸಲು ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೊಳ್ಳುತ್ತಿದ್ದ, ಗೆರೆಗಳು ಒಂದು ಕಡೆ ಅಗಲವಾಗಿ ಶುರುವಾಗಿ ಬರಬರುತ್ತ ಒತ್ತೊತ್ತಾಗಿ, ಮತ್ತೆ ಅಗಲವಾಗಿ ಶುರುವಾಗುವ ಹಾಳೆ. ನಮಗೆ ಬೇಕಾದಷ್ಟು ಉದ್ದದ್ದು ಅಂಗಡಿಯಲ್ಲಿ ಸಿಗದು, ನಾವೇ ಮಾಡಿಕೊಳ್ಳೋಣ. ಒಂದು ಎ3 ಹಾಳೆ, ಒಂದು ಸ್ಕೇಲು, ಲಾಗ್ ಬಟನ್ ಇರುವ ಕ್ಯಾಲ್ಕ್ಯುಲೇಟರ್ ಸಾಕು.

ತಳದಲ್ಲಿ ಸಾವಿರ ಎಂದು ಬರೆಯಿರಿ. ಅಲ್ಲಿಂದ ಪ್ರತಿ 3 ಸೆಂಟಿಮೀಟರಿಗೆ ಹತ್ತು ಪಟ್ಟು: ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ, ಹತ್ತು ಕೋಟಿ, ನೂರು ಕೋಟಿ, ಸಾವಿರ ಕೋಟಿ, ಹತ್ತು ಸಾವಿರ ಕೋಟಿ, ಲಕ್ಷ ಕೋಟಿ. ಒಟ್ಟು ಒಂಬತ್ತು ಮೆಟ್ಟಿಲು, 27 ಸೆಂಟಿಮೀಟರ್. ಚುಕ್ಕೆ ಎಲ್ಲಿಡಬೇಕೆಂಬ ಲೆಕ್ಕ ಸರಳ. ಟ್ರಾನ್ಸಿಸ್ಟರುಗಳ ಸಂಖ್ಯೆಯ ಲಾಗ್ ತೆಗೆಯಿರಿ, ತಳದ ಸಾವಿರಕ್ಕಾಗಿ ಅದರಿಂದ 3 ಕಳೆಯಿರಿ, ಉಳಿದದ್ದನ್ನು 3 ಸೆಂಟಿಮೀಟರಿನಿಂದ ಗುಣಿಸಿ. 2,300ರ ಲಾಗ್ 3.36, ಮೂರು ಕಳೆದರೆ 0.36, ಎತ್ತರ 1.1 ಸೆಂಟಿಮೀಟರ್. 13,400 ಕೋಟಿಯ ಲಾಗ್ 11.13, ಎತ್ತರ 24.4 ಸೆಂಟಿಮೀಟರ್. 58 ಕಿಲೋಮೀಟರ್ ಇದ್ದದ್ದು ಮೇಜಿನ ಮೇಲೆ ಹಾಸಿದ ಹಾಳೆಯೊಳಗೆ ಬಂತು, ಮೇಲೆ ಎರಡೂವರೆ ಸೆಂಟಿಮೀಟರ್ ಜಾಗವೂ ಉಳಿಯಿತು.

ಉಳಿದ ಚುಕ್ಕೆಗಳನ್ನೂ ಇಟ್ಟುಬಿಡಿ. ಅಡ್ಡ ಅಕ್ಷದಲ್ಲಿ ವರ್ಷಕ್ಕೆ 5 ಮಿಲಿಮೀಟರ್. 8086 ಚಿಪ್ 4.4 ಸೆಂಟಿಮೀಟರಿಗೆ, 80286 6.4ಕ್ಕೆ, 80486 9.2ಕ್ಕೆ, ಪೆಂಟಿಯಂ 4 13.9ಕ್ಕೆ. ಒಂದರ ಹಿಂದೊಂದು, ಅಂಚಿನಲ್ಲಿ ಗೋಡೆಯಿಲ್ಲದೆ, ಹೆಚ್ಚೂಕಡಿಮೆ ಒಂದೇ ಓರೆಯಲ್ಲಿ ಮೇಲೇರುತ್ತವೆ. ಬೆಂಗಳೂರಿನ ಒಂದು ಚಿಪ್ಪಿಗೂ ಇಲ್ಲಿ ಜಾಗವಿದೆ. 2008ರಲ್ಲಿ ಬಂದ, ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸ ಮಾಡಿದ ಡನ್ನಿಂಗ್ಟನ್ ಎಂಬ ಸರ್ವರ್ ಚಿಪ್. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರುಗಳು, ಎತ್ತರ 18.8 ಸೆಂಟಿಮೀಟರ್.

ಈ ಹಾಳೆಯ ಮೇಲೆ ಒಂದು ಅಳತೆಯನ್ನು ನೆನಪಿಟ್ಟುಕೊಂಡರೆ ಸಾಕು. ಇಮ್ಮಡಿಯಾಗುವುದು ಎಂದರೆ 9 ಮಿಲಿಮೀಟರ್. 2,300 ಇದ್ದದ್ದು 4,600 ಆಗಲಿ, 6,700 ಕೋಟಿ ಇದ್ದದ್ದು 13,400 ಕೋಟಿ ಆಗಲಿ, ಚುಕ್ಕೆ ಏರುವುದು 9 ಮಿಲಿಮೀಟರೇ. 4004ರಿಂದ ಶುರುಮಾಡಿ ಎರಡು ವರ್ಷಕ್ಕೊಮ್ಮೆ 9 ಮಿಲಿಮೀಟರ್ ಏರುವ ನೇರ ಗೆರೆಯೊಂದನ್ನು ಎಳೆಯಿರಿ. 80486 ಆ ಗೆರೆಯ ಮೇಲೇ ಕೂರುತ್ತದೆ. ಪೆಂಟಿಯಂ 4 ಕೇವಲ 3 ಮಿಲಿಮೀಟರ್ ಕೆಳಗೆ. ಡನ್ನಿಂಗ್ಟನ್ ಒಂದು ಸೆಂಟಿಮೀಟರ್ ಮೇಲೆ, ಏಕೆಂದರೆ ಅದು ದೊಡ್ಡ ಕ್ಯಾಶ್ ಹೊತ್ತ ದೊಡ್ಡ ಚಿಪ್. ಐವತ್ತೆರಡು ವರ್ಷ ಆದ ಮೇಲೆ ಗೆರೆ ತೋರಿಸುವುದು 15,400 ಕೋಟಿ, ಎಂ2 ಅಲ್ಟ್ರಾದಲ್ಲಿರುವುದು 13,400 ಕೋಟಿ. ಹಾಳೆಯ ಮೇಲೆ ಆ ವ್ಯತ್ಯಾಸ 2 ಮಿಲಿಮೀಟರ್.

ಈ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಜೋಡಿಯೊಂದಿದೆ. 1982ರ 80286ರಲ್ಲಿ ಟ್ರಾನ್ಸಿಸ್ಟರುಗಳು 1,34,000. 2023ರ ಎಂ2 ಅಲ್ಟ್ರಾದಲ್ಲಿ 1,34,00,00,00,000. ಅಂಕಿಗಳು ಅವೇ, ಮುಂದೆ ಆರು ಸೊನ್ನೆ ಹೆಚ್ಚು. ನಲವತ್ತೊಂದು ವರ್ಷದಲ್ಲಿ ಹತ್ತು ಲಕ್ಷ ಪಟ್ಟು. ಹತ್ತು ಲಕ್ಷ ಪಟ್ಟು ಆಗಲು ಇಪ್ಪತ್ತು ಸಲ ಇಮ್ಮಡಿಸಬೇಕು, ಅಂದರೆ ಎರಡು ವರ್ಷಕ್ಕೆ ಒಂದು ಸಲ ಎಂಬ ಲೆಕ್ಕಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸ. 80286 ಹಾಕಿದ ಪಿಸಿ ಎಟಿ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಕಲಿತವರು ಇವತ್ತು ನಿವೃತ್ತಿಯ ವಯಸ್ಸಿನಲ್ಲಿದ್ದಾರೆ. ಒಬ್ಬರ ಉದ್ಯೋಗದ ಅವಧಿಯೊಳಗೆ ನಡೆದದ್ದು ಇಷ್ಟು.

ಲಾಗ್ ಅಕ್ಷವನ್ನು ಈ ವಿಷಯಕ್ಕೆ ತಂದವರು ಗೋರ್ಡನ್ ಮೂರ್. 1965ರಲ್ಲಿ ಅವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಇಂಟೆಲ್ ಹುಟ್ಟಲು ಇನ್ನೂ ಮೂರು ವರ್ಷವಿತ್ತು. ‘ಎಲೆಕ್ಟ್ರಾನಿಕ್ಸ್’ ಎಂಬ ಪತ್ರಿಕೆಯ ಏಪ್ರಿಲ್ 19ರ ಸಂಚಿಕೆಗೆ ಅವರು ಮುಂದಿನ ಹತ್ತು ವರ್ಷದ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲೊಂದು ಪುಟ್ಟ ಗ್ರಾಫ್. ಅಡ್ಡಕ್ಕೆ 1959ರಿಂದ 1975. ಉದ್ದಕ್ಕೆ ಸೊನ್ನೆಯಿಂದ 16ರವರೆಗೆ ಅಂಕಿಗಳು. ಅವು ಬಿಡಿಭಾಗಗಳ ಸಂಖ್ಯೆಯಲ್ಲ, ಎರಡನ್ನು ಎಷ್ಟು ಸಲ ಗುಣಿಸಬೇಕು ಎಂಬ ಎಣಿಕೆ. ಒಂದೊಂದು ಮೆಟ್ಟಿಲೂ ಒಂದು ಇಮ್ಮಡಿ. ನಾವು ಹತ್ತರ ಮೆಟ್ಟಿಲು ಕಟ್ಟಿದೆವು, ಮೂರ್ ಎರಡರ ಮೆಟ್ಟಿಲು ಕಟ್ಟಿದರು. ಗೆರೆಯ ಆಕಾರ ಎರಡರಲ್ಲೂ ಒಂದೇ.

ಅವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಚುಕ್ಕೆಗಳು. 1959ರಲ್ಲಿ ಚಿಪ್ಪಿಗೆ ಒಂದು ಬಿಡಿಭಾಗ, 1965ರ ಹೊತ್ತಿಗೆ ಅರವತ್ತರ ಆಸುಪಾಸು, ಅಂದರೆ ಆರನೆಯ ಮೆಟ್ಟಿಲಿನ ಹತ್ತಿರ. ವರ್ಷಕ್ಕೊಂದು ಮೆಟ್ಟಿಲು. ಅದೇ ಓರೆಯಲ್ಲಿ ಗೆರೆಯನ್ನು ಹತ್ತು ವರ್ಷ ಮುಂದಕ್ಕೆ ಎಳೆದರು, ಅದು 16ನೇ ಮೆಟ್ಟಿಲನ್ನು ಮುಟ್ಟಿತು. 1975ಕ್ಕೆ ಒಂದು ಚಿಪ್ಪಿನಲ್ಲಿ 65,000 ಬಿಡಿಭಾಗ ಎಂದು ಬರೆದರು. ಇದೇ ಗ್ರಾಫನ್ನು ಸಾಮಾನ್ಯ ಅಕ್ಷದಲ್ಲಿ, 16 ಸೆಂಟಿಮೀಟರ್ ಎತ್ತರಕ್ಕೆ ಬಿಡಿಸಿದ್ದರೆ ಅವರ ಬಳಿಯಿದ್ದ ಪುರಾವೆಯೆಲ್ಲ ತಳದ 0.16 ಮಿಲಿಮೀಟರಿನಲ್ಲಿ ಮುಗಿದುಹೋಗುತ್ತಿತ್ತು. ಮುಂದಕ್ಕೆ ಎಳೆಯಲು ಅಲ್ಲಿ ಗೆರೆಯೇ ಕಾಣುತ್ತಿರಲಿಲ್ಲ. ಆ ಊಹೆ ಮಾಡಲು ಸಾಧ್ಯವಾದದ್ದೇ ಅಕ್ಷದಿಂದ ಎಂದು ನಾನು ನಂಬುತ್ತೇನೆ.

1975ರಲ್ಲಿ ಮೂರ್ ತಮ್ಮ ಲೆಕ್ಕವನ್ನು ತಿದ್ದಿದರು: ಇನ್ನು ಮುಂದೆ ವೇಗ ತಗ್ಗುತ್ತದೆ, ಇಮ್ಮಡಿಯಾಗಲು ಸುಮಾರು ಎರಡು ವರ್ಷ ಬೇಕಾಗುತ್ತದೆ ಎಂದರು. ಆ ತಿದ್ದುಪಡಿ ನಮ್ಮ ಹಾಳೆಯಲ್ಲಿ ಹೇಗೆ ಕಾಣುತ್ತದೆ? ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಗೆರೆ 61 ಡಿಗ್ರಿ ಓರೆಯಲ್ಲಿ ಏರುತ್ತದೆ, ಎರಡು ವರ್ಷಕ್ಕೊಮ್ಮೆಯದು 42 ಡಿಗ್ರಿಯಲ್ಲಿ. ಕಣ್ಣಿಗೆ ಅಂಥಾ ಭಾರೀ ವ್ಯತ್ಯಾಸವೇನಲ್ಲ. ಆದರೆ 1975ರ 65,536ರಿಂದ ಹಳೆಯ ವೇಗದಲ್ಲೇ 2023ರವರೆಗೆ ಹೋಗಿ. ನಲವತ್ತೆಂಟು ಸಲ ಇಮ್ಮಡಿಸಿದರೆ ಬರುವುದು ಎರಡರ 64ನೇ ಘಾತ, ಸುಮಾರು 1.8 ಲಕ್ಷ ಕೋಟಿ ಕೋಟಿ. ಚದುರಂಗದ ಮಣೆಯ ಮೇಲೆ ಕಾಳು ಇಮ್ಮಡಿಸುತ್ತ ಹೋದ ಹಳೆಯ ಕಥೆಯ ಒಟ್ಟು ಮೊತ್ತಕ್ಕೆ ಒಂದೇ ಒಂದು ಕಾಳು ಹೆಚ್ಚು. ಎಂ2 ಅಲ್ಟ್ರಾಕ್ಕಿಂತ ಅದು ಹದಿಮೂರು ಕೋಟಿಗೂ ಹೆಚ್ಚು ಪಟ್ಟು ದೊಡ್ಡದು. ಹತ್ತೊಂಬತ್ತು ಡಿಗ್ರಿಯ ಓರೆಯ ವ್ಯತ್ಯಾಸದೊಳಗೆ ಹದಿಮೂರು ಕೋಟಿ ಪಟ್ಟು ಅಡಗಿ ಕುಳಿತಿತ್ತು. ಅದನ್ನು ತೋರಿಸಲು ನಮ್ಮ ಹಾಳೆಯ ಮೇಲಕ್ಕೆ ಇನ್ನೊಂದು ಹಾಳೆ ಅಂಟಿಸಿದರೆ ಸಾಕು.

ಅಂಥ ಸಂಖ್ಯೆಯನ್ನೂ ಒಂದೇ ಹಾಳೆ ಅಂಟಿಸಿ ತೋರಿಸಬಹುದು ಎಂಬಲ್ಲೇ ಈ ಅಕ್ಷದ ಅಪಾಯವೂ ಇದೆ. ನಮ್ಮ ಹಾಳೆಯಲ್ಲಿ 1 ಮಿಲಿಮೀಟರ್ ಎಂದರೆ ಶೇಕಡಾ 8. ತಳದಲ್ಲಿ, 4004ರ ಹತ್ತಿರ, ಅದು ನೂರಾ ಎಂಬತ್ತು ಟ್ರಾನ್ಸಿಸ್ಟರು. ಮೇಲೆ, ಎಂ2 ಅಲ್ಟ್ರಾದ ಹತ್ತಿರ, ಅದೇ 1 ಮಿಲಿಮೀಟರ್ ಸಾವಿರ ಕೋಟಿಗೂ ಹೆಚ್ಚು. ಚುಕ್ಕೆ ಇಡುವಾಗ ಪೆನ್ಸಿಲ್ ತುದಿ ಸ್ವಲ್ಪ ಜಾರಿದರೆ ಅಷ್ಟು ಟ್ರಾನ್ಸಿಸ್ಟರು ಆಚೀಚೆ. ಗೆರೆಯಿಂದ ಎಂ1 ಚಿಪ್ 1.6 ಸೆಂಟಿಮೀಟರ್ ಕೆಳಗಿದೆ. ದೂರದಿಂದ ನೋಡಿದರೆ ಅದು ಗೆರೆಯ ಪಕ್ಕದಲ್ಲೇ ಇರುವ ಚುಕ್ಕೆ. ಲೆಕ್ಕ ಹಾಕಿದರೆ ಗೆರೆ ಹೇಳುವ ಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. “ಗೆರೆಗೆ ಹೊಂದುತ್ತದೆ” ಎಂದು ಲಾಗ್ ಗ್ರಾಫ್ ನೋಡಿ ಹೇಳುವ ಮೊದಲು ದೂರವನ್ನು ಅಳೆದು ಅದು ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ ನೋಡಬೇಕು.

ಓದುವಾಗ ಎಡವುವ ಇನ್ನೊಂದು ಜಾಗ ಮೆಟ್ಟಿಲಿನ ನಡುವೆ. ಸಾವಿರಕ್ಕೂ ಹತ್ತು ಸಾವಿರಕ್ಕೂ ಸರಿಯಾಗಿ ಮಧ್ಯದಲ್ಲಿ ಚುಕ್ಕೆಯಿದ್ದರೆ ಅದರ ಬೆಲೆ ಐದೂವರೆ ಸಾವಿರ ಎಂದು ಕಣ್ಣು ಹೇಳುತ್ತದೆ. ನಿಜವಾದ ಬೆಲೆ 3,162. ಸೆಮಿಲಾಗ್ ಶೀಟಿನಲ್ಲಿ ಗೆರೆಗಳು ಮೇಲೆ ಮೇಲೆ ಹೋದಂತೆ ಒತ್ತಾಗುವುದು ಇದನ್ನು ನೆನಪಿಸಲಿಕ್ಕೇ. ಆ ನಡುಗೆರೆಗಳನ್ನು ತೆಗೆದುಹಾಕಿ ಬರೀ ಹತ್ತರ ಮೆಟ್ಟಿಲುಗಳನ್ನಷ್ಟೇ ಉಳಿಸಿದ ಗ್ರಾಫುಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ನೋಡಲು ಚೊಕ್ಕಟ, ಓದಲು ಕಷ್ಟ.

ಇನ್ನು, ಈ ಅಕ್ಷಕ್ಕೆ ತಳವೇ ಇಲ್ಲ. ನಮ್ಮ ಹಾಳೆಯ ಕೆಳಗೆ ಇನ್ನೂ ಮೂರು ಸೆಂಟಿಮೀಟರ್ ಹೋದರೆ ನೂರು, ಮತ್ತೆ ಮೂರಕ್ಕೆ ಹತ್ತು, ಮತ್ತೆ ಮೂರಕ್ಕೆ ಒಂದು, ಆಮೇಲೆ ಹತ್ತರಲ್ಲೊಂದು, ನೂರರಲ್ಲೊಂದು. ಎಷ್ಟು ಇಳಿದರೂ ಸೊನ್ನೆ ಬರುವುದಿಲ್ಲ. ಹಾಗಾಗಿ ಚುಕ್ಕೆಗಳ ಬದಲು ಕಂಬಗಳನ್ನು ನಿಲ್ಲಿಸಿದರೆ ಗ್ರಾಫ್ ಕೆಟ್ಟುಹೋಗುತ್ತದೆ. ಕಂಬದ ಉದ್ದ ಏನಾದರೂ ಹೇಳಬೇಕಾದರೆ ಅದು ಸೊನ್ನೆಯಿಂದ ಶುರುವಾಗಬೇಕು. ಇಲ್ಲಿ ಸಾವಿರದಿಂದ ಶುರುಮಾಡಿದ್ದು ನಮ್ಮ ಅನುಕೂಲಕ್ಕೆ. ಆ ಲೆಕ್ಕದಲ್ಲಿ ಎಂ2 ಅಲ್ಟ್ರಾದ ಕಂಬ 4004ರ ಕಂಬಕ್ಕಿಂತ ಇಪ್ಪತ್ತೆರಡು ಪಟ್ಟು ಉದ್ದ. ಒಂದರಿಂದ ಶುರುಮಾಡಿದ್ದರೆ ಬರೀ ಮೂರು ಚಿಲ್ಲರೆ ಪಟ್ಟು. ನಿಜವಾದ ಅನುಪಾತ 5.8 ಕೋಟಿ. ಲಾಗ್ ಅಕ್ಷದ ಮೇಲೆ ಕಂಬಗಳನ್ನು ಕಂಡರೆ ಅದನ್ನು ಬಿಡಿಸಿದವರಿಗೆ ಅಕ್ಷ ಅರ್ಥವಾಗಿಲ್ಲ ಎಂದೇ ತಿಳಿಯಬೇಕು.

ಕೊನೆಗೆ, ನಮ್ಮ ಗೆರೆಯ ತುದಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಎಂ2 ಅಲ್ಟ್ರಾ ನಿಜವಾಗಿ ಎರಡು ಎಂ2 ಮ್ಯಾಕ್ಸ್ ಚಿಪ್ಪುಗಳನ್ನು ಪಕ್ಕಪಕ್ಕ ಬೆಸೆದು ಮಾಡಿದ್ದು, ಒಂದೊಂದರಲ್ಲಿ 6,700 ಕೋಟಿ. ಒಂದೇ ತುಣುಕು ಸಿಲಿಕಾನಿನಲ್ಲಿದ್ದ 4004ರ ಸಾಲಿನಲ್ಲಿ ಅದನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಒಂದೇ ತುಣುಕು ಸಾಕು ಎಂದರೆ ಚುಕ್ಕೆ 9 ಮಿಲಿಮೀಟರ್ ಕೆಳಗಿಳಿಯುತ್ತದೆ. ಐವತ್ತೆರಡು ವರ್ಷದ ಕಥೆಗೆ ಅದರಿಂದ ಹೆಚ್ಚೇನೂ ಆಗದು. ಆದರೆ “ಈಗ ವೇಗ ಹೇಗಿದೆ?” ಎಂದು ಕೇಳಿದರೆ ಆ 9 ಮಿಲಿಮೀಟರೇ ಉತ್ತರವನ್ನು ಬದಲಿಸುತ್ತದೆ.

ಆ ಪ್ರಶ್ನೆಗೆ ಒಂದೇ ದರ್ಜೆಯ ಚಿಪ್ಪುಗಳನ್ನು ಹೋಲಿಸುವುದು ಸರಿ. ಆಪಲ್‌ನ ಮೂಲ ಸರಣಿಯಲ್ಲಿ 2020ರ ಎಂ1ಗೆ 1,600 ಕೋಟಿ, 2022ರ ಎಂ2ಗೆ 2,000 ಕೋಟಿ, 2023ರ ಎಂ3ಗೆ 2,500 ಕೋಟಿ, 2024ರ ಎಂ4ಗೆ 2,800 ಕೋಟಿ. ನಮ್ಮ ಲಾಗ್ ಹಾಳೆಯಲ್ಲಿ ಈ ನಾಲ್ಕೂ ಸುಮಾರು 7 ಮಿಲಿಮೀಟರಿನೊಳಗೆ ಒಂದಕ್ಕೊಂದು ಅಂಟಿಕೊಂಡಿವೆ. ಮೂರೂವರೆ ವರ್ಷವಾದರೂ ಒಂದು ಇಮ್ಮಡಿಯ 9 ಮಿಲಿಮೀಟರ್ ತುಂಬಿಲ್ಲ. ಈ ಓರೆಯಲ್ಲಿ ಹೋದರೆ ಇಮ್ಮಡಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಒಂದು ಚಿಪ್ಪಿಗೂ ಇನ್ನೊಂದಕ್ಕೂ ನಡುವೆ ಏನಾಯಿತು ಎಂಬುದು ಮಾತ್ರ ಇಲ್ಲಿ ಕಾಣುವುದಿಲ್ಲ. ಅದಕ್ಕೆ ಮತ್ತೆ ಸಾಮಾನ್ಯ ಗ್ರಾಫ್ ಹಾಳೆಯನ್ನೇ ತೆಗೆಯಬೇಕು. ನೂರು ಕೋಟಿಗೆ ಒಂದು ಸೆಂಟಿಮೀಟರ್ ಇಟ್ಟರೆ ಚುಕ್ಕೆಗಳು 16, 20, 25, 28 ಸೆಂಟಿಮೀಟರಿಗೆ ಬರುತ್ತವೆ. ಎಲ್ಲವೂ ಒಂದೇ ಹಾಳೆಯಲ್ಲಿ, ಸೊನ್ನೆಯೂ ಸೇರಿ. ಒಂದರಿಂದ ಒಂದಕ್ಕೆ ಏರಿಕೆ ನಾಲ್ಕು, ಐದು, ಮೂರು ಸೆಂಟಿಮೀಟರ್.